ಸೈಟ್ ಬಿಟ್ಟು ಹೋಗುವ ಎಂಜಿನಿಯರ್ ಹೊಸಬರಿಗೆ ಬರೆದಿಡುವ ನೋಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಉಪ್ಪಳ ಕಡೆ ಸೈಟ್ ನೋಡಿಕೊಳ್ಳುವ ಹುಡುಗರು ಕೆಲಸ ಬದಲಾಯಿಸುವಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವು ಮೆಸೇಜಿನಲ್ಲಿ ಬಂದವು, ಕೆಲವು ಸೈಟಿನಲ್ಲೇ ನಿಂತು ಕೇಳಿದವು. ಲೆಕ್ಕ ಹೇಳಲು ಸುಲಭ ಆಗಲಿ ಅಂತ ಒಂದೇ ಕಟ್ಟಡವನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ: ಬದಿಯಡ್ಕ ಹತ್ತಿರ ಗುಡ್ಡ ಕಡಿದು ಮಾಡಿದ ಜಾಗ, ಕೆಳಗೆ ಅಂಗಡಿ, ಮೇಲೆ ಮನೆಗಳು. ಮೇ 12ಕ್ಕೆ ಅಂಗಡಿಗಳ ಮೇಲಿನ ಸ್ಲ್ಯಾಬ್ ಹಾಕಿದೆ. ಎಂಜಿನಿಯರ್ ಮೇ 24ಕ್ಕೆ ಬಿಟ್ಟು ಹೋಗುತ್ತಾನೆ. ಮಳೆ ಬಾಗಿಲಲ್ಲೇ ಉಂಟು.

## ಶುರುವಿನ ಪ್ರಶ್ನೆಗಳು

ಸೈಟ್ ಡೈರಿ, ಎಂ ಬುಕ್, ಡ್ರಾಯಿಂಗ್ ಎಲ್ಲ ಕೊಟ್ಟೇ ಹೋಗ್ತೇನಲ್ಲ. ಮತ್ತೆ ಬೇರೆ ನೋಟ್ ಯಾಕೆ?

ಡೈರಿಯಲ್ಲಿ ಇರುವುದು ಆಗಿ ಹೋದ ಕೆಲಸ. ಎಂ ಬುಕ್ಕಿನಲ್ಲಿ ಇರುವುದು ಅಳತೆ ಮಾಡಿದ ಕೆಲಸ. ಹೊಸಬನಿಗೆ ಬೇಕಾದದ್ದು ಇವೆರಡರಲ್ಲೂ ಇರುವುದಿಲ್ಲ: ನೀವು ಹೋದ ಮೇಲೆ ಯಾವ ತಾರೀಕಿಗೆ ಏನು ಆಗಬೇಕು, ಮುಚ್ಚಿ ಹೋದದ್ದರ ಒಳಗೆ ಏನಿದೆ, ಯಾರು ಯಾರಿಗೆ ಬಾಯಿಮಾತಲ್ಲಿ ಏನು ಒಪ್ಪಿಕೊಂಡಿದ್ದಾರೆ. ಗೋಡೆ ಅರ್ಧ ಎದ್ದಿದೆ ಅಂತ ಬರೆಯಬೇಕಾಗಿಲ್ಲ, ಅವನಿಗೆ ಕಣ್ಣಿದೆ. ಆ ಗೋಡೆ ಯಾಕೆ ಅರ್ಧಕ್ಕೆ ನಿಂತಿದೆ ಅನ್ನುವುದನ್ನು ಬರೆಯಿರಿ. ಕಲ್ಲು ಬರಲಿಲ್ಲವಾ, ಬಿಲ್ ಆಗಲಿಲ್ಲವಾ, ಅಥವಾ ಕಿಟಕಿ ಎಲ್ಲಿ ಬರಬೇಕು ಅಂತ ಮಾಲೀಕರು ಇನ್ನೂ ಹೇಳಿಲ್ಲವಾ?

ಬಾಕಿ ಕೆಲಸ ಮತ್ತು ತೀರ್ಮಾನ ಆಗದ ವಿಷಯ ಎರಡೂ ಒಂದೇ ಅಲ್ವಾ? ಒಂದೇ ಪಟ್ಟಿ ಮಾಡಿದರೆ ಆಗದಾ?

ಆಗುವುದಿಲ್ಲ. ಹೆಚ್ಚಿನ ನೋಟ್‌ಗಳು ಕೆಡುವುದೇ ಇಲ್ಲಿ. ಬಾಕಿ ಕೆಲಸ ಅಂದರೆ ಏನು ಮಾಡಬೇಕು ಅಂತ ಗೊತ್ತಿದೆ, ಮಾಡಿಲ್ಲ ಅಷ್ಟೇ. ಹಿಂದಿನ ಗೋಡೆಯ ಹೊರ ಸಾರಣೆ ಬಾಕಿ ಇದ್ದರೆ ಆಳು ಮತ್ತು ಸಿಮೆಂಟ್ ಸಿಕ್ಕಿದ ದಿನ ಅದು ಮುಗಿಯುತ್ತದೆ. ತೀರ್ಮಾನ ಆಗದ ವಿಷಯ ಬೇರೆ. ಸೆಪ್ಟಿಕ್ ಟ್ಯಾಂಕಿನ ಹಿಂಗುಗುಂಡಿ ಎಲ್ಲಿ ತೋಡುವುದು ಅಂತ ಗೊತ್ತಾಗದಿದ್ದರೆ ಎಷ್ಟು ಆಳು ಬಂದರೂ ಪ್ರಯೋಜನ ಇಲ್ಲ, ಮೊದಲು ಯಾರೋ ಒಬ್ಬರು ಮಾತು ಕೊಡಬೇಕು.

ಎರಡನ್ನೂ ಕಲಸಿ ಬರೆದರೆ ಹೊಸಬ ತೀರ್ಮಾನ ಆಗದ್ದನ್ನೂ ಬಾಕಿ ಕೆಲಸ ಅಂದುಕೊಂಡು ಆಳು ಕರೆಸುತ್ತಾನೆ. ಹಾಗಾಗಿ ಎರಡು ಪಟ್ಟಿ ಮಾಡಿ. ಬಾಕಿ ಕೆಲಸದ ಎದುರು ತಾರೀಕು ಮತ್ತು ಮಾಡುವವರು ಯಾರು ಅಂತ ಬರಲಿ. ತೀರ್ಮಾನ ಆಗದ್ದರ ಎದುರು ಯಾರು ಹೇಳಬೇಕು, ಅವರಿಗೆ ಯಾವಾಗ ಕೇಳಿದ್ದು, ಅವರು ಹೇಳುವ ತನಕ ಯಾವ ಕೆಲಸ ಮುಟ್ಟಬಾರದು ಅಂತ ಬರಲಿ. ಕೊನೆಯದ್ದೇ ಮುಖ್ಯ.

ಯಾವ ಭಾಷೆಯಲ್ಲಿ ಬರೀಲಿ? ಹೊಸಬರು ಕಣ್ಣೂರಿನ ಕಡೆಯವರು, ಮೇಸ್ತ್ರಿಗೆ ಕನ್ನಡ ತುಳು, ಕಂಬಿ ಕಟ್ಟುವವರು ಬಂಗಾಳದವರು.

ನಮ್ಮ ಕಾಸರಗೋಡಿನ ಸೈಟಿನಲ್ಲಿ ಇದು ನಿತ್ಯದ ಕತೆ. ನೋಟ್ ಹೊಸ ಎಂಜಿನಿಯರ್ ಓದುವ ಭಾಷೆಯಲ್ಲಿ ಇರಲಿ. ಅದು ಇಂಗ್ಲಿಷೇ ಆದರೆ ಇಂಗ್ಲಿಷ್. ಆದರೆ ಮೇಸ್ತ್ರಿ ಕೈಯಲ್ಲಿ ನಡೆಯುವ ನಾಲ್ಕೈದು ಸಂಗತಿ, ಅಂದರೆ ಸ್ಲ್ಯಾಬ್, ಬೀಮಿನ ಅಡಿಗೆ ಆಸರೆ ಕೊಟ್ಟ ಯಾವ ಪ್ರಾಪ್ ತೆಗೆಯಬಾರದು, ಎಲ್ಲಿ ಅಗೆಯಬಾರದು ಅನ್ನುವುದನ್ನು ಕನ್ನಡದಲ್ಲೂ ಒಂದು ಹಾಳೆ ಬರೆದು ಸ್ಟೋರಿನ ಬಾಗಿಲಿಗೆ ಅಂಟಿಸಿ. ಓದಲು ಬಾರದವರಿಗೆ ಬಣ್ಣ ಇದೆ. ತೆಗೆಯಬಾರದ ಪ್ರಾಪಿಗೆ ಎದೆ ಎತ್ತರದಲ್ಲಿ ಕೆಂಪು ಪೇಂಟಿನ ಪಟ್ಟಿ ಬಳಿದರೆ ಯಾವ ಭಾಷೆಯೂ ಬೇಡ.

## ಕಾಂಕ್ರೀಟಿನ ಪ್ರಶ್ನೆಗಳು

ಸ್ಲ್ಯಾಬ್ ಹಾಕಿ ಹನ್ನೆರಡು ದಿನಕ್ಕೆ ನಾನು ಹೋಗ್ತಿದ್ದೇನೆ. ಪ್ರಾಪ್ ಯಾವಾಗ ತೆಗೀಬೇಕು ಅಂತ ಹೊಸಬರಿಗೇ ಗೊತ್ತಿರ್ತದಲ್ಲ, ಬರೀಲೇಬೇಕಾ?

ಬರೆಯಲೇಬೇಕು. ಅವನಿಗೆ ಕಾಂಕ್ರೀಟಿನ ಕೋಡ್ ಐಎಸ್ 456 ಗೊತ್ತಿರುತ್ತದೆ. ನಿಮ್ಮ ಸ್ಲ್ಯಾಬಿಗೆ ಹಾಕಿದ ಸಿಮೆಂಟ್ ಯಾವುದು ಅಂತ ಗೊತ್ತಿರುವುದಿಲ್ಲ.

ಕೋಡಿನಲ್ಲಿ ಇರುವುದು ಹೀಗೆ. ಸ್ಲ್ಯಾಬಿನ ಸ್ಪ್ಯಾನ್ 4.5 ಮೀಟರ್ ತನಕ ಇದ್ದರೆ ಪ್ರಾಪ್ 7 ದಿನ ಇರಬೇಕು, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಬೀಮ್ 6 ಮೀಟರ್ ತನಕ 14 ದಿನ, ಅದಕ್ಕೂ ಜಾಸ್ತಿ ಇದ್ದರೆ 21 ದಿನ. ಆದರೆ ಈ ದಿನಗಳು ಬೂದಿ ಬೆರೆಸದ ಮಾಮೂಲಿ ಓಪಿಸಿ ಸಿಮೆಂಟಿಗೆ. ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ. ಅದರಲ್ಲಿ ಹಾರುಬೂದಿ ಇರುವುದರಿಂದ ಶುರುವಿನಲ್ಲಿ ಬಲ ನಿಧಾನಕ್ಕೆ ಬರುತ್ತದೆ. ಪಿಪಿಸಿ ಆದರೆ ಈ ದಿನಗಳನ್ನು ಹತ್ತರಿಂದ ಗುಣಿಸಿ ಏಳರಿಂದ ಭಾಗಿಸಬೇಕು ಅಂತ ಕೇಂದ್ರ ಲೋಕೋಪಯೋಗಿ ಇಲಾಖೆಯ ಸ್ಪೆಸಿಫಿಕೇಶನ್ ಹೇಳುತ್ತದೆ. ಹಾಗೆ 7 ಇದ್ದದ್ದು 10 ಆಗುತ್ತದೆ, 14 ಇದ್ದದ್ದು 20, 21 ಇದ್ದದ್ದು 30.

ಈಗ ನಮ್ಮ ಕಟ್ಟಡಕ್ಕೆ ಬನ್ನಿ. ಸ್ಲ್ಯಾಬ್ ಪ್ಯಾನೆಲ್‌ಗಳು 4.2 ಮೀಟರ್, ಮಾಮೂಲಿ ಬೀಮ್‌ಗಳು 5.4, ಅಂಗಡಿ ಹಾಲಿನ ಮಧ್ಯದ ಬೀಮ್ 6.6. ಮೇ 12ಕ್ಕೆ ಪಿಪಿಸಿ ಹಾಕಿ ಕಾಂಕ್ರೀಟ್ ಮಾಡಿದೆ. ಸ್ಲ್ಯಾಬಿನ ಪ್ರಾಪ್ ಮೇ 22ಕ್ಕೆ ತೆಗೆದಾಗಿದೆ. ಬೀಮಿನದ್ದು ಜೂನ್ 1ರ ಮೊದಲು ತೆಗೆಯಬಾರದು. ಉದ್ದದ ಬೀಮಿನದ್ದು ಜೂನ್ 11ರ ಮೊದಲು ತೆಗೆಯಬಾರದು. ಸಿಮೆಂಟಿನ ವಿಷಯ ಬರೆಯದೆ ಹೋದರೆ ಹೊಸಬ ಕೋಡ್ ನೋಡಿಯೇ ಬೀಮಿನ ಪ್ರಾಪ್ ಮೇ 26ಕ್ಕೆ ತೆಗೆಸುತ್ತಾನೆ, ಉದ್ದದ ಬೀಮಿನದ್ದು ಜೂನ್ 2ಕ್ಕೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ನಿಮ್ಮ ನೋಟಿನಲ್ಲಿ ಒಂದು ಶಬ್ದ ಕಡಿಮೆ ಬಿದ್ದಿದೆ.

ಇನ್ನೊಂದು ಒತ್ತಡವನ್ನೂ ಬರೆಯಿರಿ. ಪ್ರಾಪ್ ಬಾಡಿಗೆಯದ್ದು, ದಿನದ ಲೆಕ್ಕ. ಎಂಜಿನಿಯರ್ ಬದಲಾದ ವಾರವೇ ಕಂಟ್ರಾಕ್ಟರ್ ಬಂದು "ಹಳೇ ಸಾರ್ ತೆಗೀಬಹುದು ಅಂತ ಹೇಳಿದ್ದರು" ಅನ್ನುತ್ತಾರೆ. ಇದು ಎಲ್ಲ ಸೈಟಿನಲ್ಲೂ ಆಗುವುದು, ಅವರನ್ನು ಬೈದು ಫಲ ಇಲ್ಲ. ನೋಟಿನಲ್ಲಿ ಒಂದು ಸಾಲು ಸಾಕು: "ಬಾಯಿಮಾತಲ್ಲಿ ಯಾವ ಪ್ರಾಪ್ ತೆಗೆಯಲೂ ನಾನು ಒಪ್ಪಿಗೆ ಕೊಟ್ಟಿಲ್ಲ, ತಾರೀಕು ಈ ಕೆಳಗಿನದ್ದೇ." ಅದರ ಒಂದು ಪ್ರತಿ ಕಂಟ್ರಾಕ್ಟರಿಗೂ ಕೊಡಿ.

ಎದುರಿನ ಸಿಟೌಟಿನ ಮೇಲೆ ಕ್ಯಾಂಟಿಲಿವರ್ ಇದ್ದರೆ ಅದಕ್ಕೆ ಬೇರೆ ಸಾಲು ಬೇಕು. ಅದರ ಹಿಂದಿನ ಭಾಗಕ್ಕೆ ಬರಬೇಕಾದ ಗೋಡೆಯ ಭಾರ ಬಂದಿದೆಯಾ, ಡಿಸೈನರ್ ಏನು ಹೇಳಿದ್ದಾರೆ ಅಂತ ಬರೆಯಿರಿ. ತೆಗೆಯುವಾಗ ತುದಿಯಿಂದ ಶುರು ಮಾಡಿ ಗೋಡೆಯ ಕಡೆ ಬರಬೇಕು. ಉಳಿದ ಬೀಮ್‌ಗಳಲ್ಲಿ ನಡುವಿನಿಂದ ಶುರು ಮಾಡಿ ಎರಡು ಬದಿಗೆ ಹೋಗುವುದು. ಇದು ತಿರುಗಾಮುರುಗಾ ಆದರೆ ಕ್ಯಾಂಟಿಲಿವರಿನ ಮೇಲ್ಬದಿಯಲ್ಲಿ, ಗೋಡೆಯ ಹತ್ತಿರ ಸೀಳು ಕಾಣಿಸಿಕೊಳ್ಳುತ್ತದೆ.

28 ದಿನದ ಕ್ಯೂಬ್ ರಿಪೋರ್ಟ್ ನಾನು ಹೋದ ಮೇಲೆ ಬರ್ತದೆ. ಅದನ್ನು ಹೇಗೆ ಹ್ಯಾಂಡೋವರ್ ಮಾಡುವುದು?

ಮೇ 12ರ ಕಾಂಕ್ರೀಟಿಗೆ 28 ದಿನ ಅಂದರೆ ಜೂನ್ 9. ಬೀಮ್ ಸೇರಿ ಸುಮಾರು 24 ಘನ ಮೀಟರ್ ಆಗಿದ್ದರೆ ಕೋಡಿನ ಪ್ರಕಾರ ಮೂರು ಸ್ಯಾಂಪಲ್. ಒಂದೊಂದರಲ್ಲಿ ಬಲ ನೋಡಲು ಒಡೆಯುವ ಮೂರು ಕ್ಯೂಬ್, ಅಲ್ಲಿಗೆ ಒಂಬತ್ತು. 7 ದಿನಕ್ಕೆ ಒಡೆದದ್ದು ಇದರಲ್ಲಿ ಸೇರುವುದಿಲ್ಲ, ಅದು ಬೇರೆ.

"ಕ್ಯೂಬ್ ರಿಪೋರ್ಟ್ ಬಾಕಿ" ಅಂತ ಬರೆದರೆ ಏನೂ ಹೇಳಿದ ಹಾಗೆ ಆಗುವುದಿಲ್ಲ. ಒಂಬತ್ತು ಕ್ಯೂಬ್ ಈಗ ಎಲ್ಲಿದೆ? ಸೈಟಿನ ನೀರಿನ ತೊಟ್ಟಿಯಲ್ಲಾ, ಲ್ಯಾಬಿನಲ್ಲಾ? ಮೇಲೆ ಬರೆದ ಗುರುತು ಏನು? ಲಾರಿಯ ಯಾವ ಲೋಡಿನಿಂದ ಯಾವ ಸ್ಯಾಂಪಲ್ ತೆಗೆದದ್ದು, ಆ ಲೋಡ್ ಸ್ಲ್ಯಾಬಿನ ಯಾವ ಮೂಲೆಗೆ ಹೋಯಿತು? ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ನೀವು ಹೋದ ಮೇಲೆ ಅದು ಯಾರಿಗೂ ಸಿಗುವುದಿಲ್ಲ. ಒಂದು ಸ್ಯಾಂಪಲ್ ಕಡಿಮೆ ಬಂದರೆ ಎಲ್ಲಿ ನೋಡಬೇಕು ಅಂತ ಹೇಳುವುದು ಅದೊಂದೇ. ಸ್ಲ್ಯಾಬಿನ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಮೂರು ಭಾಗ ಮಾಡಿ ಗುರುತು ಹಾಕಿ, ಸಾಕು.

ಹಳೆಯ ಫಲಿತಾಂಶಗಳನ್ನೂ ಜೊತೆಗೆ ಕೊಡಿ, ಫೂಟಿಂಗಿನಿಂದ ಹಿಡಿದು. ಎಂ25 ಕಾಂಕ್ರೀಟಿಗೆ ಒಂದೊಂದು ಸ್ಯಾಂಪಲಿನ ಫಲಿತಾಂಶ, ಅಂದರೆ ಮೂರು ಕ್ಯೂಬಿನ ಸರಾಸರಿ, ಚದರ ಮಿಲಿಮೀಟರಿಗೆ 22 ನ್ಯೂಟನ್‌ಗಿಂತ ಕೆಳಗೆ ಹೋಗಬಾರದು. ಅದು ಒಂದು ಷರತ್ತು. ಇನ್ನೊಂದು, ಸತತ ನಾಲ್ಕು ಫಲಿತಾಂಶದ ಸರಾಸರಿ ಕನಿಷ್ಠ 28 ಇರಬೇಕು. ಈ ಸ್ಲ್ಯಾಬಿನಲ್ಲಿ ಸಿಗುವುದು ಮೂರೇ ಫಲಿತಾಂಶ. ನಾಲ್ಕರ ಲೆಕ್ಕಕ್ಕೆ ಹಿಂದಿನದ್ದು ಬೇಕು, ಅದು ಹೊಸಬನ ಹತ್ತಿರ ಇರುವುದಿಲ್ಲ.

7 ದಿನದ್ದು 16.8 ಬಂದಿದೆ ಅಂತಿಟ್ಟುಕೊಳ್ಳಿ. ಅದನ್ನು ಹಾಗೇ ಬರೆಯಿರಿ, "ಓಕೆ" ಅಂತ ಬರೆಯಬೇಡಿ. ಪಿಪಿಸಿಗೆ ಅದು ಹೆದರುವ ಅಂಕಿ ಅಲ್ಲ. ಆದರೆ 28 ದಿನದ್ದು ಪಾಸ್ ಆಗುತ್ತದೆ ಅನ್ನುವ ಗ್ಯಾರಂಟಿಯೂ ಅಲ್ಲ. ಕಡಿಮೆ ಬಂದರೆ ಮುಂದಿನ ದಾರಿ ಕೋರ್ ತೆಗೆಯುವುದು. ಕನಿಷ್ಠ ಮೂರು ಕೋರ್ ಬೇಕು. ಅವುಗಳ ಸರಾಸರಿ ಆ ಗ್ರೇಡಿನ ಬಲದ ಶೇಕಡಾ 85 ಬರಬೇಕು, ಯಾವ ಒಂದು ಕೋರೂ ಶೇಕಡಾ 75ಕ್ಕಿಂತ ಇಳಿಯಬಾರದು. ಜೂನ್ 9ರ ತನಕ ಇದು ತೀರ್ಮಾನ ಆಗದ ವಿಷಯಗಳ ಪಟ್ಟಿಯಲ್ಲೇ ಇರಲಿ.

ಮುಚ್ಚಿ ಹೋದ ಪೈಪು, ಕಂಬಿ ಎಲ್ಲ ಹೇಗೆ ತೋರಿಸುವುದು? ಫೋಟೋ ಫೋನಿನಲ್ಲೇ ಉಂಟು.

ಫೋನಿನಲ್ಲಿ ಇದ್ದರೆ ಇಲ್ಲದ ಹಾಗೇ. ಫೋಟೋಗಳಿಗೆ ಕೋಣೆಯ ಹೆಸರು ಕೊಟ್ಟು ಒಂದು ಪೆನ್ ಡ್ರೈವಿಗೆ ಹಾಕಿ ಕೊಡಿ. ಸ್ಲ್ಯಾಬಿನೊಳಗೆ ಹೋದ ಕರೆಂಟ್ ಪೈಪಿನ ದಾರಿಗೆ ಎರಡು ಗೋಡೆಗಳಿಂದ ಟೇಪ್ ಹಿಡಿದ ಅಳತೆ ಬರೆಯಿರಿ. ನಾಳೆ ಫಾಲ್ಸ್ ಸೀಲಿಂಗ್ ಮಾಡುವವರು ಡ್ರಿಲ್ ಹಿಡಿದು ಬರುತ್ತಾರೆ. ತಗ್ಗಿಸಿದ ಟಾಯ್ಲೆಟ್ ಸ್ಲ್ಯಾಬಿನಲ್ಲಿ ವಾಟರ್‌ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿದ್ದು ಯಾವುದರಲ್ಲಿ, ನೋಡದೆ ತುಂಬಿದ್ದು ಯಾವುದರಲ್ಲಿ ಅಂತ ಒಂದೊಂದಾಗಿ ಹೇಳಿ. "ಎಲ್ಲ ಮಾಡಿದೆ" ಅನ್ನುವ ಶಬ್ದ ಮಾತ್ರ ಬೇಡ.

## ಮಳೆ ಮತ್ತು ನೆಲದ ಪ್ರಶ್ನೆಗಳು

ಮೇ ಕೊನೆಗೆ ಬಿಡ್ತಿದ್ದೇನೆ. ಮಳೆಯ ಮೊದಲು ಆಗಲೇಬೇಕಾದ್ದು ಯಾವುದು ಅಂತ ಹೇಗೆ ಆರಿಸಲಿ?

ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ಹೀಗೇ ಬಿಟ್ಟರೆ ಜೋರು ಮಳೆಗೆ ಹಾಳಾಗುತ್ತದಾ, ಅಥವಾ ತಡ ಆಗುತ್ತದೆ ಅಷ್ಟೇನಾ? ಒಳಗಿನ ಸಾರಣೆ ತಡ ಆದರೆ ಆಗಲಿ. ಗುಡ್ಡ ಕಡಿದ ಬದಿ ಹಾಗಲ್ಲ.

ನಮ್ಮ ಮುರಕಲ್ಲು ಬಿಸಿಲಿಗೆ ಗಟ್ಟಿ. ನೆಟ್ಟಗೆ ಕಡಿದರೂ ಗೋಡೆ ಥರ ನಿಲ್ಲುತ್ತದೆ. ಬೇಸಗೆಯಲ್ಲಿ ಸೈಟಿಗೆ ಬಂದವರಿಗೆ ಹೆದರಿಕೆಯೇ ಆಗುವುದಿಲ್ಲ. ತೊಂದರೆ ಇರುವುದು ಅದರ ಅಡಿಯ ಶೇಡಿ ಮಣ್ಣಿನಲ್ಲಿ. ಬಿಳಿ, ಹಳದಿ, ಕೆಲವು ಕಡೆ ನಸುಗೆಂಪು ಬಣ್ಣದ ಆ ಮಣ್ಣು ಒಣಗಿದ್ದಾಗ ಉಗುರಲ್ಲಿ ಕೆರೆದರೆ ಹುಡಿ ಬೀಳುತ್ತದೆ, ನೀರು ಕುಡಿದರೆ ಕೈಗೆ ಜಾರುತ್ತದೆ. ಕೆಳಗಿನ ಶೇಡಿ ಜಾರಿದರೆ ಮೇಲಿನ ಮುರಕಲ್ಲು ಇಡೀ ತುಂಡಾಗಿ ಬರುತ್ತದೆ. ಕಡಿದ ಬದಿಯಲ್ಲಿ ಶೇಡಿ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ ಅಂತ ಅಳೆದು ನೋಟಿನಲ್ಲಿ ಬರೆಯಿರಿ. ಮೇಲೆ ಗುಡ್ಡದ ನೀರು ತಿರುಗಿಸುವ ಚರಂಡಿ ಆಗಿದೆಯಾ ಇಲ್ಲವಾ ಅನ್ನುವುದೂ ಬೇಕು. ತಡೆಗೋಡೆ ಅರ್ಧ ಆಗಿದ್ದರೆ ನೀರು ಹೋಗುವ ತೂತುಗಳ ಹಿಂದೆ ಜಲ್ಲಿ ತುಂಬಿದೆಯಾ, ಬರೇ ಮಣ್ಣು ಹಾಕಿ ಮುಚ್ಚಿದ್ದಾರಾ? ಮಣ್ಣೇ ಆದರೆ ಮೊದಲ ಮಳೆಗೆ ತೂತು ಕಟ್ಟುತ್ತದೆ, ನೀರು ಗೋಡೆಯ ಬೆನ್ನಿಗೆ ನಿಲ್ಲುತ್ತದೆ. ಮಳೆ ನಿಂತ ಮೇಲೆ ಎಲ್ಲ ತೂತಿನಿಂದಲೂ ನೀರು ಒಸರುತ್ತಿದ್ದರೆ ಸರಿ ಇದೆ. ಹಿಂದೆ ಒದ್ದೆ ಇದ್ದು ತೂತು ಒಣಗಿದ್ದರೆ ಅದೇ ಸೂಚನೆ.

ಕಂಪೌಂಡಿನ ಫೂಟಿಂಗ್ ಗುಂಡಿ ತೋಡಿ ಬಿಟ್ಟಿದ್ದರೆ ತಳದ ಕೊನೆಯ ಒಂದು ಗೇಣು ಕಾಂಕ್ರೀಟ್ ಹಾಕುವ ದಿನವೇ ತೆಗೆಯಿರಿ ಅಂತ ಬರೆಯಿರಿ. ಈಗಲೇ ಪೂರಾ ತೋಡಿದ್ದಾಗಿದ್ದರೆ ಮೆತ್ತಗಾದ ಮಣ್ಣು ಕೆರೆದು ತೆಗೆಯದೆ ತಳದ ಪಿಸಿಸಿ ಕಾಂಕ್ರೀಟ್ ಹಾಕಬಾರದು ಅಂತ ಸೇರಿಸಿ.

ಪಕ್ಕದ ಮನೆಯವರು "ನಮ್ಮ ಸುರಂಗ ನಿಮ್ಮ ಜಾಗದ ಅಡಿಯಲ್ಲಿ ಉಂಟು" ಅಂತಾರೆ. ಕಾಗದದಲ್ಲಿ ಇಲ್ಲ. ಇದನ್ನೂ ನೋಟಿನಲ್ಲಿ ಬರೀಬೇಕಾ?

ಎಲ್ಲಕ್ಕಿಂತ ಮೊದಲು ಬರೆಯಬೇಕಾದ್ದು ಇದೇ. ಹೊರಗಿನಿಂದ ಬಂದ ಎಂಜಿನಿಯರಿಗೆ ಸುರಂಗ ಅಂದರೆ ರೈಲಿನದ್ದು. ಇಲ್ಲಿಯದ್ದು ಮುರಕಲ್ಲು ಗುಡ್ಡಕ್ಕೆ ಅಡ್ಡಲಾಗಿ ಕೈಯಲ್ಲಿ ಕೊರೆದ, ಒಬ್ಬ ಬಗ್ಗಿ ಹೋಗುವಷ್ಟು ಅಗಲದ ನೀರಿನ ದಾರಿ ಅಂತ ಅವನಿಗೆ ಗೊತ್ತಿರುವುದಿಲ್ಲ. ಅದರಿಂದ ಬರುವ ನೀರನ್ನೇ ಜನ ಕುಡಿಯುವುದು, ತೋಟಕ್ಕೆ ಬಿಡುವುದು. ಸರ್ವೆ ನಕ್ಷೆಯಲ್ಲಿ ಗಡಿ ಕಾಣುತ್ತದೆ, ಗಡಿಯ ಕೆಳಗಿನ ಸುರಂಗ ಕಾಣುವುದಿಲ್ಲ.

ನೋಟಿನಲ್ಲಿ ಇಷ್ಟು ಬರಲಿ. ಸುರಂಗದ ಬಾಯಿ ಎಲ್ಲಿದೆ, ಅದು ಯಾವ ದಿಕ್ಕಿಗೆ ಹೋಗುತ್ತದೆ, ಉದ್ದ ಎಷ್ಟು ಅಂತ ಆ ಮನೆಯ ಹಿರಿಯರು ಹೇಳುತ್ತಾರೆ. ಬಾಯಿಯಲ್ಲಿ ದಿಕ್ಸೂಚಿ ಹಿಡಿದು ದಿಕ್ಕು ಗುರುತಿಸಿ, ಸೈಟ್ ಪ್ಲಾನಿನ ಮೇಲೆ ಚುಕ್ಕೆ ಗೆರೆ ಎಳೆಯಿರಿ. ಸುರಂಗ ನೆಟ್ಟಗೇ ಹೋಗಬೇಕು ಅಂತಿಲ್ಲ, ಒಳಗೆ ಕವಲೂ ಇರಬಹುದು, ಹಾಗಾಗಿ ಗೆರೆಯ ಎರಡೂ ಬದಿ ಧಾರಾಳ ಜಾಗ ಬಿಟ್ಟು "ತೀರ್ಮಾನ ಆಗುವ ತನಕ ಇಲ್ಲಿ ಹಿಂಗುಗುಂಡಿ, ಬೋರ್, ಜೆಸಿಬಿ ಕೆಲಸ ಬೇಡ" ಅಂತ ಬರೆಯಿರಿ. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ದೂರ ಇರಬೇಕು ಅನ್ನುವ ಕೇರಳದ ಕಟ್ಟಡ ನಿಯಮವನ್ನು ಹಿಂಗುಗುಂಡಿಗೆ ಎಲ್ಲರೂ ಅಳೆಯುತ್ತಾರೆ. ಆದರೆ ಬಾವಿಯಿಂದ ಹದಿನೈದು ಮೀಟರ್ ದೂರ ಇದ್ದರೂ ಸುರಂಗದ ನೆತ್ತಿಯ ಮೇಲೆ ಗುಂಡಿ ಬಂದರೆ ಕೊಳಕು ನೀರು ನೇರ ಅವರ ತೊಟ್ಟಿಗೆ ಇಳಿಯುತ್ತದೆ. ನಿಯಮ ಪಾಲಿಸಿದ ಹಾಗೆ ಆಯಿತು, ನೆರೆಯವರ ನೀರು ಹೋಯಿತು.

ಆ ಮನೆಯವರ ಜೊತೆ ನೀವು ಯಾವ ಮಾತು ಆಡಿದ್ದೀರಿ ಅನ್ನುವುದೂ ಇರಲಿ. "ಮಳೆ ಮುಗಿದ ಮೇಲೆ ಒಟ್ಟಿಗೆ ನೋಡುವ" ಅಂತ ಹೇಳಿದ್ದರೆ, ಹೊಸಬ ಜೂನಿನಲ್ಲೇ ಗುಂಡಿ ತೋಡಿಸಿದರೆ ಅಲ್ಲಿಗೆ ಸೈಟ್ ನಿಲ್ಲುತ್ತದೆ.

## ಹಣ, ಮಾತು, ಸಹಿ

ಮಾಲೀಕರು ಬಾಯಿಮಾತಲ್ಲಿ ಬದಲಾವಣೆ ಹೇಳಿದ್ದಾರೆ. ಬರೆದರೆ ಅವರಿಗೆ ಬೇಜಾರಾಗ್ತದೆ.

ಬೇಜಾರು ಈಗ ಆಗಲಿ. ಉದಾಹರಣೆಗೆ ಸಿಟೌಟನ್ನು ರಸ್ತೆ ಕಡೆಗೆ ಎರಡು ಅಡಿ ಮುಂದೆ ತನ್ನಿ ಅಂದಿದ್ದಾರೆ. ಒಳಗಿನ ಗೋಡೆ ಜರುಗಿಸುವುದು ಒಂದು ಲೆಕ್ಕ, ಇದು ಇನ್ನೊಂದು. ಕಟ್ಟಡ ಮುಂದೆ ಬಂದರೆ ಪಂಚಾಯತಿನ ಪರ್ಮಿಟ್ ಪ್ಲಾನಿನಲ್ಲಿ ತೋರಿಸಿದ ಖಾಲಿ ಜಾಗ ಕಡಿಮೆ ಆಗುತ್ತದೆ. ಕೆಲಸ ಮುಗಿದು ಆಕ್ಯುಪೆನ್ಸಿಗೆ ಹಾಕಿದಾಗ ಅಳತೆ ಹೊಂದುವುದಿಲ್ಲ. ಆಗ ಕೇಳುವುದು ಆ ಹೊತ್ತಿಗೆ ಸೈಟಿನಲ್ಲಿ ಇರುವ ಎಂಜಿನಿಯರನ್ನು. ಮಾಲೀಕರಿಗೆ ಒಂದು ಮೆಸೇಜ್ ಹಾಕಿ: "ನೀವು ಹೇಳಿದ ಬದಲಾವಣೆ ಹೀಗೆ, ಪರ್ಮಿಟ್ ಪ್ಲಾನಿನಲ್ಲಿ ಇದು ಇಲ್ಲ, ಪ್ಲಾನ್ ತಿದ್ದುಪಡಿ ಆಗುವ ತನಕ ಕೆಲಸ ನಿಲ್ಲಿಸಿದ್ದೇವೆ." ಅವರ ಉತ್ತರ ಏನೇ ಬರಲಿ, ನೋಟಿಗೆ ಸೇರಿಸಿ. ಉತ್ತರ ಬಾರದಿದ್ದರೆ ಬಂದಿಲ್ಲ ಅಂತ ಸೇರಿಸಿ.

ಕಂಬಿಯ ಲೆಕ್ಕ ಹೊಂದುವುದಿಲ್ಲ. ಸರಿ ಮಾಡಿಯೇ ಕೊಡಬೇಕಾ?

ಕಾಗದದಲ್ಲಿ "ಸರಿ" ಮಾಡಬೇಡಿ. ವ್ಯತ್ಯಾಸವನ್ನೇ ಕೊಡಿ. 12 ಎಂಎಂ ಕಂಬಿ ಒಟ್ಟು ಬಂದದ್ದು 4200 ಕೆಜಿ, ಕಟ್ಟಿದ ಕೆಲಸದ ಕಂಬಿ ಪಟ್ಟಿ, ಅಂದರೆ ಬಿಬಿಎಸ್ ಪ್ರಕಾರ 3460 ಕೆಜಿ, ಮೂರು ಶೇಕಡಾ ವೇಸ್ಟ್ ಹಿಡಿದರೆ 104. ಉಳಿಯಬೇಕಾದ್ದು 636 ಕೆಜಿ. ಅಂಗಳದಲ್ಲಿ ಎಣಿಸಿದರೆ 12 ಮೀಟರಿನ 41 ಕಂಬಿ. ಮೀಟರಿಗೆ 0.889 ಕೆಜಿ ಹಾಕಿ ನೋಡಿದರೆ 437 ಕೆಜಿ. ಹತ್ತಿರ ಹತ್ತಿರ 200 ಕೆಜಿಗೆ ಲೆಕ್ಕ ಇಲ್ಲ. ಕಾರಣ ಕಳ್ಳತನವೇ ಆಗಬೇಕು ಅಂತಿಲ್ಲ. ಡ್ರಾಯಿಂಗಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಲ್ಯಾಪ್ ಕೊಟ್ಟಿರಬಹುದು, ಸನ್‌ಶೇಡಿಗೆ ಬಳಸಿ ಬರೆಯದೆ ಬಿಟ್ಟಿರಬಹುದು, ಕಂಟ್ರಾಕ್ಟರಿನ ಇನ್ನೊಂದು ಸೈಟಿಗೆ ಸಾಲ ಹೋಗಿರಬಹುದು. ಗೊತ್ತಿದ್ದ ಕಾರಣ ಬರೆಯಿರಿ, ಅನುಮಾನಕ್ಕೆ ಹೆಸರು ಹಾಕಬೇಡಿ. ಎಣಿಕೆಯನ್ನು ಮಾತ್ರ ಹೊಸಬನ ಎದುರೇ ಮಾಡಿ, ಆ ದಿನದಿಂದ ಅವನ ಲೆಕ್ಕ ಶುರು.

ನಾನೇ ಹೊಸಬ. ಅವರು ಕೊಟ್ಟ ನೋಟಿಗೆ ಏನು ನೋಡಿ ಸಹಿ ಹಾಕಲಿ?

ಆಫೀಸಿನಲ್ಲಿ ಕೂತು ಸಹಿ ಹಾಕಬೇಡಿ. ನೋಟ್ ಕೈಯಲ್ಲಿ ಹಿಡಿದು ಅವರ ಜೊತೆ ಒಂದು ಸುತ್ತು ಬನ್ನಿ, ಮೇಲಿನಿಂದ ಕೆಳಗೆ, ಮೇಸ್ತ್ರಿಯನ್ನೂ ಕರೆದುಕೊಂಡು. ಕೆಂಪು ಪಟ್ಟಿಯ ಪ್ರಾಪ್ ಎಣಿಸಿ, ತೊಟ್ಟಿಗೆ ಕೈ ಹಾಕಿ ಕ್ಯೂಬಿನ ಗುರುತು ಓದಿ. ಡ್ರಾಯಿಂಗಿನ ರಿವಿಷನ್ ನಂಬರ್ ನೋಟಿನಲ್ಲಿ ಇರುವುದೂ ಮೇಸ್ತ್ರಿಯ ಕೈಯಲ್ಲಿ ಇರುವುದೂ ಒಂದೇನಾ ನೋಡಿ. ಮೇಸ್ತ್ರಿಯದ್ದು ಹಳೆಯದ್ದಾಗಿರುವುದು ಅಪರೂಪ ಏನಲ್ಲ.

ಸಹಿಯ ಮೇಲೆ ಎರಡು ಸಾಲು ಬರೆಯಿರಿ: ಕಣ್ಣಲ್ಲಿ ನೋಡಿ ಒಪ್ಪಿಕೊಂಡದ್ದು ಯಾವ ನಂಬರಿನವು, ನೋಡಲು ಆಗದೆ ಹೇಳಿಕೆಯ ಮೇಲೆ ತೆಗೆದುಕೊಂಡದ್ದು ಯಾವುವು. ಮುಚ್ಚಿದ ಕೆಲಸ ಎಲ್ಲ ಎರಡನೆಯದಕ್ಕೆ ಹೋಗುತ್ತದೆ. ಅದರಲ್ಲಿ ನಾಚಿಕೆ ಏನಿಲ್ಲ, ಬಿಟ್ಟು ಹೋಗುವವರೂ ಬೇಸರ ಮಾಡಿಕೊಳ್ಳಬಾರದು.

ಬಿಟ್ಟ ಮೇಲೂ ಫೋನ್ ಮಾಡ್ತಾರೆ. ಎಷ್ಟು ದಿನ ಎತ್ತಬೇಕು?

ನಮ್ಮ ಕಟ್ಟಡದ ಲೆಕ್ಕದಲ್ಲಿ ಜೂನ್ 11ರ ತನಕ, ಅಂದರೆ ನೀವು ಹಾಕಿಸಿದ ಕಾಂಕ್ರೀಟಿನ ಕೊನೆಯ ಪ್ರಾಪ್ ಹೋಗುವ ತನಕ ಎತ್ತಿ. ಆದರೆ ಫೋನಿನಲ್ಲಿ ಹೊಸ ತೀರ್ಮಾನ ಕೊಡಬೇಡಿ. ಏನಾಗಿತ್ತು ಅಂತ ಕೇಳಿದರೆ ಹೇಳಿ, ಏನು ಮಾಡಲಿ ಅಂತ ಕಂಟ್ರಾಕ್ಟರ್ ಕೇಳಿದರೆ ಹೊಸ ಎಂಜಿನಿಯರ ನಂಬರ್ ಕೊಡಿ.